ಮುಂಬೈ ಉಡುಪಿ ಹೋಟೆಲ್‌ನಿಂದ ಗೋವಾ ರೆಸಾರ್ಟ್‌ಗೆ: ಶೆಫ್ ಪ್ರೊಫೈಲ್ ಬರೆಯುವ ಕ್ರಮ

ಪುಣೆಯ ಒಂದು ಹೋಟೆಲ್‌ನ ಅಡುಗೆಮನೆಗೆ ಜನ ಬೇಕಾದಾಗ ಬರುವ ಪ್ರೊಫೈಲ್‌ಗಳನ್ನು ಮೊದಲು ನಾನು ನೋಡುತ್ತೇನೆ. ಅದಕ್ಕೂ ಮೊದಲು ಮುಂಬೈಯಲ್ಲಿ ಹಲವು ವರ್ಷ ಒಲೆಯ ಮುಂದೆ ನಿಂತವನು. ನಮ್ಮ ಕಡೆಯ ಹುಡುಗರ ಪ್ರೊಫೈಲ್ ಬಂದರೆ ಮನಸ್ಸು ಖುಷಿಯಾಗುತ್ತದೆ, ತೆರೆದು ಓದಿದರೆ ಬೇಜಾರಾಗುತ್ತದೆ. ಕೆಲಸ ಗೊತ್ತಿಲ್ಲ ಅಂತಲ್ಲ. ಹನ್ನೊಂದು ವರ್ಷದ ಕೆಲಸ ಆ ಎರಡು ಪುಟದಲ್ಲಿ ಎಲ್ಲೂ ಕಾಣುವುದಿಲ್ಲ. "ಎಲ್ಲಾ ಅಡುಗೆ ಬರುತ್ತದೆ, ಕಷ್ಟಪಟ್ಟು ದುಡಿಯುತ್ತೇನೆ, ಹೈಜೀನ್ ಗೊತ್ತು, ಹೊಸ ಮೆನು ಮಾಡುತ್ತೇನೆ." ಈ ನಾಲ್ಕು ಮಾತನ್ನು ನಿನ್ನೆ ಸೇರಿದ ಹುಡುಗನೂ ಬರೆಯಬಹುದು, ಅಲ್ವಾ?

ಕೆಲಸಕ್ಕೆ ತೆಗೆದುಕೊಳ್ಳುವವರ ತಲೆಯಲ್ಲಿ ಇರುವುದು ಒಂದೇ ಪ್ರಶ್ನೆ. ಈ ಮನುಷ್ಯನನ್ನು ನಾಳೆ ಬೆಳಿಗ್ಗೆ ನನ್ನ ಅಡುಗೆಮನೆಗೆ ಬಿಟ್ಟರೆ ಎಷ್ಟು ಜನಕ್ಕೆ, ಏನು, ಯಾರ ಹೊಟ್ಟೆಯೂ ಕೆಡದ ಹಾಗೆ, ಎಷ್ಟು ಖರ್ಚಿನಲ್ಲಿ ಬಡಿಸುತ್ತಾನೆ? ಪ್ರೊಫೈಲ್ ಇದಕ್ಕೆ ಉತ್ತರ ಕೊಡಬೇಕು, ಇದೇ ಕ್ರಮದಲ್ಲಿ.

ಇಲ್ಲಿ ಒಬ್ಬರ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ. ಕುಂದಾಪುರ ಕಡೆಯ ಗೆಳೆಯ, ವಯಸ್ಸು 34. ಮುಂಬೈಯಲ್ಲಿ 11 ವರ್ಷ, ಕೊನೆಯ 4 ವರ್ಷ ಅಂಧೇರಿಯ ಒಂದು ಶುದ್ಧ ಸಸ್ಯಾಹಾರಿ ಹೋಟೆಲ್‌ನಲ್ಲಿ. ಗೋವಾದ ರೆಸಾರ್ಟ್‌ಗಳಿಗೆ ಪ್ರೊಫೈಲ್ ಕಳಿಸಿ ಕಳಿಸಿ ಸುಸ್ತಾಗಿದ್ದ, ಒಂದು ಫೋನ್ ಕೂಡ ಬಂದಿರಲಿಲ್ಲ. ಒಂದು ವಾರ ಕೂತು ಇಬ್ಬರೂ ಮತ್ತೆ ಬರೆದೆವು.

## ಶುರು ಮಾಡುವ ಮೊದಲು: ಇವನ್ನು ಕೈಯಲ್ಲಿ ಇಟ್ಟುಕೊಳ್ಳಿ

ಬರೆಯಲು ಕೂರುವ ಮೊದಲು ಒಂದು ವಾರ ಸುಮ್ನೆ ಲೆಕ್ಕ ಬರೆದಿಡಿ. ಒಂದು ಸಣ್ಣ ನೋಟ್‌ಬುಕ್, ಒಂದು ತೂಕದ ಯಂತ್ರ, ಫೋನ್‌ನ ಕ್ಯಾಲ್ಕುಲೇಟರ್ ಸಾಕು. ಜೊತೆಗೆ ಇರುವ ಕಾಗದಗಳನ್ನೆಲ್ಲ ಒಟ್ಟು ಮಾಡಿ: ತರಬೇತಿ ಸರ್ಟಿಫಿಕೇಟ್, ಡಾಕ್ಟರ್ ಕೊಟ್ಟ ಫಿಟ್‌ನೆಸ್ ಕಾಗದ, ಹಳೆಯ ಕೆಲಸದ ಪತ್ರಗಳು.

ಹಳೆಯ ಕೆಲಸದ ಪತ್ರ ಇಲ್ಲದವರು ನಮ್ಮಲ್ಲಿ ಜಾಸ್ತಿ. ಬಿಡುವಾಗ ಪತ್ರ ಕೇಳಿದರೆ "ಆಮೇಲೆ ಬಾ" ಅಂದು ಕಳಿಸಿರುತ್ತಾರೆ, ನನಗೂ ಒಂದು ಕಡೆ ಹಾಗೇ ಆಗಿದೆ. ಪಿಎಫ್ ಕಟ್ಟಿದ್ದರೆ ಇಪಿಎಫ್‌ಒ ಸೈಟ್‌ನಲ್ಲಿ ನಿಮ್ಮ ಯುಎಎನ್ ನಂಬರ್ ಹಾಕಿ ಒಳಗೆ ಹೋಗಿ. ಸರ್ವಿಸ್ ಹಿಸ್ಟರಿಯಲ್ಲಿ ಯಾವ ಸಂಸ್ಥೆಯಲ್ಲಿ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಅನ್ನುವುದು ಸಿಗುತ್ತದೆ. ಅದೂ ಇಲ್ಲದಿದ್ದರೆ ಸಂಬಳ ಬಂದ ಬ್ಯಾಂಕ್ ಎಂಟ್ರಿ. ಎಲ್ಲವೂ ನಗದಿನಲ್ಲಿ ನಡೆದಿದ್ದರೆ ಆಗ ನಿಮ್ಮ ಕೆಲಸ ನೋಡಿದ ಇಬ್ಬರು ಮ್ಯಾನೇಜರ್‌ಗಳ ಹೆಸರು ಬೇಕು, ಅವರನ್ನು ಕೇಳಿ, ಒಪ್ಪಿಗೆ ಪಡೆದು.

ಒಂದು ಮಾತು. ಪ್ರೊಫೈಲ್ ಇಂಗ್ಲಿಷ್‌ನಲ್ಲಿ ಹೋಗಬೇಕು. ಆದರೆ ಮೊದಲ ಸಲ ಕನ್ನಡದಲ್ಲೇ ಬರೆಯಿರಿ. ಗೆಳೆಯ ಇಂಗ್ಲಿಷ್‌ನಲ್ಲಿ ಶುರು ಮಾಡಿದ್ದಕ್ಕೇ ಎಲ್ಲ ಸಾಲೂ ಯಾರದೋ ಪ್ರೊಫೈಲ್‌ನಿಂದ ನಕಲು ಮಾಡಿದ ಹಾಗೆ ಆಗಿತ್ತು. ಕನ್ನಡದಲ್ಲಿ ಬರೆದಾಗ ತಾನು ದಿನಾ ಮಾಡುವ ಕೆಲಸವೇ ಬಂತು.

## ಹಂತ 1: ಅಡುಗೆಮನೆಯ ಅಳತೆ

ಎಲ್ಲರೂ ಅಡುಗೆಗಳ ಪಟ್ಟಿಯಿಂದ ಶುರು ಮಾಡುತ್ತಾರೆ. ನೀವು ಅಳತೆಯಿಂದ ಶುರು ಮಾಡಿ. ನಿಮಗೆ ಯಾವ ಹುದ್ದೆ ಕೊಡಬಹುದು ಅನ್ನುವುದು ಬಹಳಷ್ಟು ಇದರ ಮೇಲೇ ನಿಲ್ಲುತ್ತದೆ.

ಗೆಳೆಯನ ಹಳೆಯ ಪ್ರೊಫೈಲ್‌ನಲ್ಲಿ "ದಿನಕ್ಕೆ 1000 ಕವರ್" ಅಂತಿತ್ತು. ಕವರ್ ಅಂದರೆ ಕೂತು ತಿಂದ ಒಬ್ಬ ಗಿರಾಕಿ. ನಾನು ಕೇಳಿದೆ, "ಸೀಟು ಎಷ್ಟು ಮಾರಾಯ?" "90." ಹಾಗಾದರೆ ಪ್ರತಿ ಸೀಟೂ ದಿನಕ್ಕೆ ಹನ್ನೊಂದು ಸಲ ತುಂಬಿ ಖಾಲಿಯಾಗಬೇಕು, ವಾರದ ಏಳೂ ದಿನ. ಈ ಭಾಗಾಕಾರವನ್ನು ಯಾವ ಶೆಫ್ ಬೇಕಾದರೂ ಫೋನ್‌ನಲ್ಲೇ ಮಾಡುತ್ತಾನೆ. ಅಲ್ಲಿ ತಪ್ಪು ಸಿಕ್ಕಿತು ಅಂದರೆ ಮುಂದಿನದನ್ನು ನಂಬುವುದಿಲ್ಲ.

ತಪ್ಪು ಎಲ್ಲಿ ಆಗಿತ್ತು ಅಂದರೆ, ಪಾರ್ಸೆಲ್, ಆ್ಯಪ್ ಆರ್ಡರ್, ಬರೀ ಕಾಫಿ ಕುಡಿದು ಹೋದವರು, ಎಲ್ಲವನ್ನೂ ಒಟ್ಟು ಸೇರಿಸಿದ್ದ. ಕ್ಯಾಶ್ ಕೌಂಟರ್‌ನಲ್ಲಿ ಕೇಳಿ ಬಿಲ್ಲಿಂಗ್ ಮೆಷಿನ್‌ನ ದಿನದ ಕೊನೆಯ ರಿಪೋರ್ಟ್ ನೋಡಿದೆವು. ವಾರದ ದಿನ ಟೇಬಲ್ ಬಿಲ್ ಸುಮಾರು 210, ಒಂದು ಬಿಲ್‌ಗೆ ಸರಾಸರಿ ಇಬ್ಬರು. ಹಾಗಾದರೆ 420 ಕವರ್. ಭಾನುವಾರ 640. ಪಾರ್ಸೆಲ್ ಮತ್ತು ಆ್ಯಪ್ ಆರ್ಡರ್ ಬೇರೆ, ದಿನಕ್ಕೆ 130. ಈ ಸಂಖ್ಯೆ 1000ಕ್ಕಿಂತ ಚಿಕ್ಕದು, ಆದರೆ ಯಾರು ಕೇಳಿದರೂ ನಿಲ್ಲುತ್ತದೆ.

ರಿಪೋರ್ಟ್ ನೋಡಲು ಬಿಡದಿದ್ದರೆ ಹಿಟ್ಟಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಅವನ ಸೆಕ್ಷನ್‌ನಲ್ಲಿ ವಾರದ ದಿನ ದೋಸೆಗೆ ಅಕ್ಕಿ, ಉದ್ದು ಎಲ್ಲ ಸೇರಿ 12 ಕೆಜಿ ನೆನೆಸುತ್ತಿದ್ದರು. ರುಬ್ಬಿದ ಮೇಲೆ ತೂಗಿದರೆ ಸುಮಾರು 30 ಕೆಜಿ ಹಿಟ್ಟು. ಒಂದು ದೋಸೆಗೆ 120 ಗ್ರಾಂ. ಹಾಗಾದರೆ 250 ದೋಸೆ. ನಿಮ್ಮ ಹಿಟ್ಟು, ನಿಮ್ಮ ಸೌಟು ಬೇರೆ ಇರುತ್ತದೆ. ಅದಕ್ಕೇ ತೂಕದ ಯಂತ್ರ ಬೇಕು ಅಂದಿದ್ದು.

ಇನ್ನು ಮುಖ್ಯವಾದದ್ದು ಒತ್ತಡದ ಹೊತ್ತಿನ ಲೆಕ್ಕ. ದಿನಕ್ಕೆ ಎಷ್ಟು ಅನ್ನುವುದಕ್ಕಿಂತ ರಶ್‌ನಲ್ಲಿ ಗಂಟೆಗೆ ಎಷ್ಟು ಅನ್ನುವುದು ರೆಸಾರ್ಟ್‌ನವರಿಗೆ ಬೇಕು. ಯಾಕೆಂದರೆ ಅವರ ಬೆಳಗಿನ ಬಫೆಯಲ್ಲಿ ಎಲ್ಲ ಗೆಸ್ಟ್‌ಗಳೂ ಎಂಟೂವರೆಯಿಂದ ಹತ್ತರ ನಡುವೆ ಒಟ್ಟಿಗೆ ಬಂದು ದೋಸೆ ಕೌಂಟರ್ ಮುಂದೆ ನಿಲ್ಲುತ್ತಾರೆ. ಗೆಳೆಯನ ಹೋಟೆಲ್‌ನಲ್ಲಿ ಭಾನುವಾರ ಎಂಟರಿಂದ ಹತ್ತರವರೆಗೆ 180 ಜನ, ಎರಡು ಕಾವಲಿಯಲ್ಲಿ ಗಂಟೆಗೆ 70 ದೋಸೆ. ಈ ಒಂದು ಸಾಲು ಅವನ ಹಳೆಯ ಪ್ರೊಫೈಲ್‌ನಲ್ಲಿ ಇರಲೇ ಇಲ್ಲ! ಅದೇ ಅವನ ಹತ್ತಿರ ಇದ್ದ ದೊಡ್ಡ ಆಸ್ತಿ.

ಕೊನೆಗೆ ಹೋಟೆಲ್‌ನ ಅಳತೆ ಬೇರೆ, ನಿಮ್ಮ ಅಳತೆ ಬೇರೆ ಅನ್ನುವುದನ್ನು ಬಿಡಿಸಿ ಬರೆಯಿರಿ. ಅಡುಗೆಮನೆಯಲ್ಲಿ 14 ಜನ, ನನ್ನ ಕೈಕೆಳಗೆ 5. 300 ರೂಮಿನ ಹೋಟೆಲ್‌ನಲ್ಲಿ ಕೆಲಸ ಮಾಡಿದ್ದೇನೆ ಅಂತ ಬರೆದು, ಕೇಳಿದರೆ ಅಲ್ಲಿ ಒಂದು ಸೆಕ್ಷನ್‌ನಲ್ಲಿ ತರಕಾರಿ ಹೆಚ್ಚುತ್ತಿದ್ದೆ ಅನ್ನುವವರು ಸಂದರ್ಶನದ ಮೊದಲ ಐದು ನಿಮಿಷದಲ್ಲೇ ಹೊರಗೆ. ತರಕಾರಿ ಹೆಚ್ಚುವುದು ಕೀಳು ಕೆಲಸ ಅಂತಲ್ಲ, ಬರೆದದ್ದು ಮತ್ತು ಹೇಳಿದ್ದು ಹೊಂದಲಿಲ್ಲ ಅಷ್ಟೆ.

ಬ್ಯಾಂಕ್ವೆಟ್ ಮಾಡಿಲ್ಲ ಅಂತ ಅವನಿಗೆ ಅಳುಕಿತ್ತು. ಕೇಳುತ್ತಾ ಹೋದರೆ ಒಂದು ಕನ್ನಡ ಸಂಘದ ಕಾರ್ಯಕ್ರಮಕ್ಕೆ ನಾಲ್ಕು ಜನರ ತಂಡ ಕಟ್ಟಿಕೊಂಡು 350 ಜನಕ್ಕೆ ಎಲೆ ಊಟ ಬಡಿಸಿದ್ದಾನೆ, 11 ಐಟಂ, ಎರಡು ಪಂಕ್ತಿ. ಅದು ಔಟ್‌ಡೋರ್ ಕ್ಯಾಟರಿಂಗ್ ಅಲ್ಲದೆ ಇನ್ನೇನು? ಅದನ್ನೂ ಬರೆದೆವು.

## ಹಂತ 2: ಹುದ್ದೆಯ ಹೆಸರು

ಇದು ಚಿಕ್ಕ ಹಂತ, ಆದರೆ ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಉಡುಪಿ ಹೋಟೆಲ್‌ಗಳಲ್ಲಿ ಭಟ್ಟರು, ಮಾಸ್ಟರ್, ದೋಸೆ ಮಾಸ್ಟರ್ ಅನ್ನುತ್ತಾರೆ. ಸ್ಟಾರ್ ಹೋಟೆಲ್‌ಗಳಲ್ಲಿ ಕಮಿ, ಡೆಮಿ ಶೆಫ್ ಡಿ ಪಾರ್ಟಿ, ಶೆಫ್ ಡಿ ಪಾರ್ಟಿ, ಸೂ ಶೆಫ್, ಎಕ್ಸಿಕ್ಯೂಟಿವ್ ಶೆಫ್ ಅಂತ ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಇದೆ. ಗೆಳೆಯ ತನ್ನನ್ನು "ಎಕ್ಸಿಕ್ಯೂಟಿವ್ ಶೆಫ್" ಅಂತ ಬರೆದುಕೊಂಡಿದ್ದ. ಯಾರೋ ಸೈಬರ್ ಕೆಫೆಯವರು ಹಾಗೆ ಬರೆದರೆ ಸಂಬಳ ಜಾಸ್ತಿ ಸಿಗುತ್ತದೆ ಅಂದಿದ್ದರಂತೆ.

ಇದ್ದ ಹೆಸರನ್ನೇ ಬರೆಯಿರಿ. ಅದರ ಮುಂದೆ ಕೆಲಸ ಏನು ಅನ್ನುವುದನ್ನು ಒಂದು ಸಾಲಿನಲ್ಲಿ ಹೇಳಿ: "ದೋಸೆ ಮಾಸ್ಟರ್. ದಕ್ಷಿಣ ಭಾರತೀಯ ಸೆಕ್ಷನ್ ಪೂರ್ತಿ, 5 ಜನರ ತಂಡ, ದಿನದ ಸಾಮಾನಿನ ಪಟ್ಟಿ, ಡ್ಯೂಟಿ ಹಂಚಿಕೆ." ಒಂದು ಸೆಕ್ಷನ್ ಪೂರ್ತಿ ನೋಡಿಕೊಂಡು, ಸಾಮಾನು ತರಿಸಿ, ಜನರನ್ನು ನಡೆಸುವವನ ಕೆಲಸ ಶೆಫ್ ಡಿ ಪಾರ್ಟಿಯ ಮಟ್ಟದ್ದು ಅಂತ ಓದಿದವರಿಗೆ ತಾನಾಗಿ ಗೊತ್ತಾಗುತ್ತದೆ. ಅರ್ಜಿ ಹಾಕುವ ಹುದ್ದೆಯೂ ಅದೇ ಇರಲಿ. ಇಡೀ ಅಡುಗೆಮನೆ ನೋಡಿಕೊಂಡವರು ಮಾತ್ರ ಸೂ ಶೆಫ್ ಕಡೆ ನೋಡಿ.

## ಹಂತ 3: ಅಡುಗೆಗಳ ಹರವು

"ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ತಂದೂರ್, ಕಾಂಟಿನೆಂಟಲ್, ಇಟಾಲಿಯನ್, ಮೆಕ್ಸಿಕನ್." ಈ ಪಟ್ಟಿಯನ್ನು ಅಳಿಸಿಬಿಡಿ. ಏಳು ಹೆಸರು ಬರೆದವನನ್ನು ಓದುವವರು ಏಳರಲ್ಲೂ ಅರ್ಧಂಬರ್ಧ ಅಂತಲೇ ತಿಳಿಯುತ್ತಾರೆ.

ಮೂರು ಸಾಲು ಮಾಡಿ. ಮೊದಲ ಸಾಲಿನಲ್ಲಿ ಯಾರೂ ಪಕ್ಕದಲ್ಲಿ ಇಲ್ಲದೆ ಪೂರ್ತಿ ನಡೆಸಬಲ್ಲ ಅಡುಗೆ. ಎರಡನೆಯದರಲ್ಲಿ ಬೇರೆಯವರ ಕೈಕೆಳಗೆ ಆ ಸೆಕ್ಷನ್‌ನಲ್ಲಿ ಕೆಲಸ ಮಾಡಿದ್ದು. ಮೂರನೆಯದರಲ್ಲಿ ಕಲಿಯುತ್ತಿರುವುದು. ಪ್ರತಿ ಸಾಲಿನಲ್ಲೂ ಕಸುಬು ತೋರಿಸುವ ನಾಲ್ಕೈದು ಪದಾರ್ಥದ ಹೆಸರು ಹಾಕಿ. ಉಪ್ಪಿಟ್ಟು ಬೇಡ. ಮಾಡಲು ಬರುತ್ತದೋ ಇಲ್ಲವೋ ಅಂತ ಒಂದೇ ಸಲಕ್ಕೆ ಗೊತ್ತಾಗುವಂಥದ್ದು ಬರಲಿ: ಹರಿಯದೆ ಎದ್ದು ಬರುವ ನೀರುದೋಸೆ, ಮೂಡೆ, ಮಂಗಳೂರು ಬನ್ಸ್, ಅನಾನಸ್ ಮೆಣಸ್ಕಾಯಿ, ಎಲೆ ಊಟದ ಪೂರ್ತಿ ಕ್ರಮ.

ಸೌತ್ ಇಂಡಿಯನ್ ಅನ್ನುವ ಪದವನ್ನೂ ಒಡೆಯಿರಿ. ಉಡುಪಿ ಬೇರೆ, ಕರಾವಳಿಯ ಮೀನು-ಕೋಳಿ ಬೇರೆ, ಚೆಟ್ಟಿನಾಡು ಬೇರೆ, ಹೈದರಾಬಾದ್ ಬೇರೆ. ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿದರೆ ಉತ್ತರದಿಂದ ಬಂದ ಶೆಫ್‌ಗಳಿಗೆ ಇಡ್ಲಿ ಸಾಂಬಾರ್ ಮಾತ್ರ ಕಾಣುತ್ತದೆ.

ಗೋವಾಗೆ ಹೋಗುವವರಿಗೆ ಇಲ್ಲಿ ಒಂದು ಎಚ್ಚರಿಕೆ. ನಮಗೆ ಗಸಿ ಬರುತ್ತದೆ, ಗೋವಾದ ಶಕುತಿಯಲ್ಲೂ ಹುರಿದ ತೆಂಗಿನಕಾಯಿ ಇದೆ, ಹಾಗಾಗಿ ಗೋವನ್ ಅಡುಗೆಯೂ ಬರುತ್ತದೆ ಅಂತ ಬರೆಯಬೇಡಿ. ಶಕುತಿಗೆ ಗಸಗಸೆ ಮತ್ತು ಅದರದೇ ಮಸಾಲೆಗಳ ಹದ ಇದೆ, ರೆಶಾದ್ ಮಸಾಲೆಯನ್ನು ವಿನೆಗರ್‌ನಲ್ಲಿ ರುಬ್ಬುತ್ತಾರೆ, ಕಾಫ್ರಿಯಾಲ್ ಅಂದರೆ ಕೊತ್ತಂಬರಿ ಸೊಪ್ಪಿನ ಹಸಿರು ಮಸಾಲೆ. ಅಲ್ಲಿನ ಅಡುಗೆಯವರು ಒಂದು ತುತ್ತಿನಲ್ಲಿ ಹೇಳಿಬಿಡುತ್ತಾರೆ. ಅದರ ಬದಲು ನಿಜವಾಗಿ ಇರುವ ಕಸುಬನ್ನು ಬರೆಯಿರಿ: "ತೆಂಗಿನಕಾಯಿ ರುಬ್ಬಿದ ಮಸಾಲೆಯ ಗ್ರೇವಿಗಳನ್ನು 40 ಲೀಟರ್‌ವರೆಗೆ ಒಡೆಯದ ಹಾಗೆ ಮಾಡುತ್ತೇನೆ." ಗೋವಾದ ಯಾವ ಶೆಫ್‌ಗೂ ಇದರ ಬೆಲೆ ಗೊತ್ತಿದೆ. ಕಾಯಿಹಾಲಿನ ಗ್ರೇವಿ ದೊಡ್ಡ ಪಾತ್ರೆಯಲ್ಲಿ ಜೋರು ಕುದಿ ಬಂದರೆ ಒಡೆದು ಎಣ್ಣೆ ನೀರು ಬೇರೆ ಆಗುತ್ತದೆ, ಬಫೆಯ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರಂತೂ ಇನ್ನೂ ಬೇಗ.

ಗೆಳೆಯ ಪೂರ್ತಿ ಸಸ್ಯಾಹಾರಿ ಅಡುಗೆಮನೆಯಲ್ಲಿ ಇದ್ದವನು. ಮನೆಯಲ್ಲಿ ಮೀನು ಮಾಡುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ. ಆದರೆ 50 ಕೆಜಿ ಮೀನು ಶುಚಿ ಮಾಡಿ, ಐಸ್‌ನಲ್ಲಿಟ್ಟು, ದಿನವಿಡೀ ಬಡಿಸಿದ ಅನುಭವ ಇಲ್ಲ. ಮೂರನೆಯ ಸಾಲಿನಲ್ಲಿ "ಕರಾವಳಿ ಮೀನು, ಮನೆಯ ಮಟ್ಟದಲ್ಲಿ" ಅಂತ ಹಾಕಿದೆವು. ಹಾಗೆ ಬರೆದರೆ ಕೆಲಸ ಸಿಗುವುದಿಲ್ಲ ಅಂತ ಅವನಿಗೆ ಹೆದರಿಕೆ. ಆದರೆ ಪ್ರೊಫೈಲ್‌ನಲ್ಲಿ ಇರುವ ಯಾವ ಪದಾರ್ಥವನ್ನಾದರೂ ಟ್ರಯಲ್ ದಿನ ಮಾಡಿ ತೋರಿಸಿ ಅನ್ನಬಹುದು. ಹೊಸ ಅಡುಗೆಮನೆ, ಹೊಸ ಒಲೆ, ಹಿಂದೆ ನಿಂತು ನೋಡುವ ಶೆಫ್. ಅಲ್ಲಿ ಕೈ ನಡುಗದೆ ಮಾಡಬಲ್ಲಿರಾ? ಹೌದು ಅಂದರೆ ಮಾತ್ರ ಮೊದಲ ಸಾಲಿಗೆ ಬರಲಿ.

## ಹಂತ 4: ಹೈಜೀನ್ ಸರ್ಟಿಫಿಕೇಟ್ ಮತ್ತು ಅದರ ಹಿಂದಿನ ಅಭ್ಯಾಸ

"ಎಫ್‌ಎಸ್‌ಎಸ್‌ಎಐ ಸರ್ಟಿಫೈಡ್ ಶೆಫ್." ಹತ್ತರಲ್ಲಿ ಆರು ಪ್ರೊಫೈಲ್‌ಗಳಲ್ಲಿ ಈ ಮಾತು ಕಾಣುತ್ತೇನೆ, ಮತ್ತು ಜಾಸ್ತಿ ಸಲ ಅದು ತಪ್ಪು. ಗೋಡೆಯ ಮೇಲೆ ತೂಗುಹಾಕಿದ 14 ಅಂಕಿಯ ಲೈಸೆನ್ಸ್ ಹೋಟೆಲ್‌ನದು, ನಿಮ್ಮದಲ್ಲ. ಐಎಸ್‌ಒ 22000 ಸಂಸ್ಥೆಗೆ ಸಿಗುವುದು. ಹೈಜೀನ್ ರೇಟಿಂಗ್ ಕೂಡ ಜಾಗಕ್ಕೆ. ಅವುಗಳನ್ನು ಹೋಟೆಲ್ ಬಗ್ಗೆ ಬರೆಯುವ ಸಾಲಿನಲ್ಲಿ ಹಾಕಿ, ನಿಮ್ಮ ಹೆಸರಿನ ಕೆಳಗೆ ಬೇಡ.

ನಿಮ್ಮ ಹೆಸರಿಗೆ ಸಿಗುವುದು ಫಾಸ್ಟ್ಯಾಕ್. ಟೋಲ್ ಗೇಟಿನದಲ್ಲ, `FoSTaC`, ಆಹಾರ ಸುರಕ್ಷತೆಯ ತರಬೇತಿ. ಕ್ಯಾಟರಿಂಗ್ ವಿಭಾಗದಲ್ಲಿ ಬೇಸಿಕ್ ಮತ್ತು ಅಡ್ವಾನ್ಸ್ಡ್ ಅಂತ ಎರಡು ಮಟ್ಟ ಇದೆ, ಬೇಸಿಕ್ ಅರ್ಧ ದಿನದ್ದು, ಅಡ್ವಾನ್ಸ್ಡ್ ಒಂದು ದಿನದ್ದು. ಸರ್ಟಿಫಿಕೇಟ್ ಎರಡು ವರ್ಷಕ್ಕೆ. ಪ್ರತಿ 25 ಆಹಾರ ಕೆಲಸಗಾರರಿಗೆ ಹೀಗೆ ತರಬೇತಿ ಪಡೆದ ಒಬ್ಬ ಸೂಪರ್‌ವೈಸರ್ ಇರಬೇಕು ಅನ್ನುವುದು ಎಫ್‌ಎಸ್‌ಎಸ್‌ಎಐ ನಿಯಮ. ಹಾಗಾಗಿ ಅಡ್ವಾನ್ಸ್ಡ್ ಇರುವವರು ಬಂದರೆ ಹೋಟೆಲ್‌ಗೂ ಉಪಯೋಗ. ಪ್ರೊಫೈಲ್‌ನಲ್ಲಿ ಮಟ್ಟ, ತಿಂಗಳು, ವರ್ಷ, ಯಾವತ್ತಿನವರೆಗೆ ಅನ್ನುವುದು ಬರಲಿ. ಅವಧಿ ಮುಗಿದಿದ್ದರೆ ಮೊದಲು ಮತ್ತೆ ಮಾಡಿಕೊಳ್ಳಿ, ಆಮೇಲೆ ಬರೆಯಿರಿ. ಗೆಳೆಯನದು ಮುಗಿದು ಹೋಗಿತ್ತು. ಅವನಿಗೆ ಗೊತ್ತೇ ಇರಲಿಲ್ಲ.

ವರ್ಷಕ್ಕೊಮ್ಮೆ ಮಾಡಿಸಬೇಕಾದ ಮೆಡಿಕಲ್ ಫಿಟ್‌ನೆಸ್, ಟೈಫಾಯ್ಡ್ ಲಸಿಕೆಯ ಕಾಗದ, ಇವೂ ತಯಾರಿರಲಿ. ಪ್ರೊಫೈಲ್‌ನಲ್ಲಿ ಒಂದು ಸಾಲು ಸಾಕು.

ಆದರೆ ಸರ್ಟಿಫಿಕೇಟ್ ಅರ್ಧ ಕೆಲಸ. ಇನ್ನರ್ಧ, ನೀವು ದಿನಾ ಏನು ಮಾಡುತ್ತೀರಿ ಅನ್ನುವುದು. "ಸ್ವಚ್ಛತೆ ಕಾಪಾಡುತ್ತೇನೆ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಒಂದು ಅಪಾಯದ ಜಾಗ ಹಿಡಿದು, ಅದನ್ನು ಹೇಗೆ ನಿಭಾಯಿಸಿದಿರಿ ಅಂತ ಬರೆಯಿರಿ. ಗೆಳೆಯನದು ಉಳಿದ ಸಾಂಬಾರ್‌ನ ಕಥೆ.

ರಾತ್ರಿ ಉಳಿದ ಸಾಂಬಾರ್ ಬೇಸ್ ಅನ್ನು ಮೊದಲು ದೊಡ್ಡ ಪಾತ್ರೆಯಲ್ಲೇ ಮುಚ್ಚಿ ಹೊರಗಿಡುತ್ತಿದ್ದರು, ಬೆಳಿಗ್ಗೆ ಫ್ರಿಜ್‌ಗೆ. 40 ಲೀಟರ್ ಪಾತ್ರೆಯ ನಡುಭಾಗ ಬೆಳಗಿನವರೆಗೂ ಬೆಚ್ಚಗೇ ಇರುತ್ತದೆ, ಬ್ಯಾಕ್ಟೀರಿಯಾ ಬೆಳೆಯಲು ಬೇಕಾಗಿರುವುದೂ ಆ ಬಿಸಿಯೇ. ನಿಯಮದ ಪ್ರಕಾರ ಬೇಯಿಸಿದ್ದು 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ 5 ಡಿಗ್ರಿಗೆ ಮುಂದಿನ ನಾಲ್ಕು ಗಂಟೆಯೊಳಗೆ. ಅವನು ಮಾಡಿದ್ದು ಇಷ್ಟು: ಅಗಲವಾದ ಟ್ರೇಗಳಿಗೆ ತೆಳ್ಳಗೆ ಸುರಿದು, ಸಿಂಕ್‌ನಲ್ಲಿ ಐಸ್ ನೀರು ತುಂಬಿ ಅದರ ಮೇಲಿಟ್ಟು ಕೈಯಾಡಿಸುವುದು, ಥರ್ಮಾಮೀಟರ್‌ನಲ್ಲಿ ನೋಡಿ ಸಮಯ ಬರೆಯುವುದು, ತಣ್ಣಗಾದ ಮೇಲೆ ತಾರೀಖಿನ ಚೀಟಿ ಅಂಟಿಸಿ ಒಳಗಿಡುವುದು. ಇದನ್ನು ಎರಡು ಸಾಲಿಗೆ ಇಳಿಸಿದರೆ ಸಾಕು, ಯಾವ ಸರ್ಟಿಫಿಕೇಟ್‌ಗಿಂತ ಜಾಸ್ತಿ ಮಾತಾಡುತ್ತದೆ.

ಮಾಡಿಲ್ಲದ್ದನ್ನು ಇಲ್ಲಿ ಬರೆದರೆ ಸಿಕ್ಕಿಬೀಳುವುದು ಖಂಡಿತ. ಹ್ಯಾಸಪ್ ಅಂದರೆ ಅಡುಗೆಯಲ್ಲಿ ಅಪಾಯದ ಹಂತಗಳನ್ನು ಗುರುತಿಸಿ ಅಳೆದು ನೋಡುವ ಪದ್ಧತಿ. "ಹ್ಯಾಸಪ್ ಗೊತ್ತು" ಅಂತ ಬರೆದವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಸೆಕ್ಷನ್‌ನಲ್ಲಿ ತಪ್ಪಿದರೆ ಆಮೇಲೆ ಸರಿ ಮಾಡಲಾಗದ ಹಂತ ಯಾವುದು, ಅಲ್ಲಿ ಏನು ಅಳೆಯುತ್ತೀರಿ? ಸಾಂಬಾರ್ ತಣ್ಣಗಾಗಿಸಿದವನು ಥಟ್ಟನೆ ಹೇಳುತ್ತಾನೆ. ಪದ ಮಾತ್ರ ಕೇಳಿದವನು ಸೀಲಿಂಗ್ ನೋಡುತ್ತಾನೆ.

## ಹಂತ 5: ಮೆನು ಮಾಡಿದ ಕೆಲಸ

"ಅನೇಕ ಹೊಸ ಪದಾರ್ಥಗಳನ್ನು ಪರಿಚಯಿಸಿದ್ದೇನೆ" ಅನ್ನುವುದನ್ನು ತೆಗೆದುಹಾಕಿ, ಒಂದೇ ಒಂದು ಪದಾರ್ಥವನ್ನು ಪೂರ್ತಿ ಬರೆಯಿರಿ. ಯಾಕೆ ತಂದಿರಿ, ಎಷ್ಟು ಖರ್ಚು, ಎಷ್ಟಕ್ಕೆ ಮಾರಿದಿರಿ, ಎಷ್ಟು ಹೋಯಿತು, ಅದಕ್ಕಾಗಿ ಮೆನುವಿನಿಂದ ಏನನ್ನು ತೆಗೆದಿರಿ.

ಗೆಳೆಯ ಸಂಜೆಯ ಹೊತ್ತಿಗೆ ನೀರುದೋಸೆ ಪ್ಲೇಟ್ ತಂದಿದ್ದ. ಮೂರು ನೀರುದೋಸೆ, ತರಕಾರಿ ಸಾಗು, ಚಟ್ನಿ, ಕಾಯಿ-ಬೆಲ್ಲ. ಹುದುಗು ಬರಿಸುವ ಕೆಲಸ ಇಲ್ಲ, ಹಾಗಾಗಿ ಮಧ್ಯಾಹ್ನ ರುಬ್ಬಿದ್ದನ್ನು ಸಂಜೆಗೆ ಹುಯ್ಯಬಹುದು. ಯಾಕೆ ತಂದೆ ಅನ್ನುವುದಕ್ಕೆ ಇದೇ ಕಾರಣ.

ಖರ್ಚನ್ನು ಹೀಗೆ ಹಾಕಿದೆವು. ಅಕ್ಕಿ 90 ಗ್ರಾಂ, ಕೆಜಿಗೆ 60 ರೂಪಾಯಿಯಂತೆ 5.40. ಚಟ್ನಿಗೂ ಕಾಯಿ-ಬೆಲ್ಲಕ್ಕೂ ಸೇರಿ ತುರಿ 60 ಗ್ರಾಂ. 40 ರೂಪಾಯಿಯ ಒಂದು ಕಾಯಿಯಲ್ಲಿ 200 ಗ್ರಾಂ ತುರಿ ಸಿಕ್ಕಿತು, ಹಾಗಾಗಿ 12 ರೂಪಾಯಿ. ಬೆಲ್ಲ 90 ಪೈಸೆ. ಸಾಗು 12 ರೂಪಾಯಿ. ಎಣ್ಣೆ, ಉಪ್ಪು, ಒಗ್ಗರಣೆ 3 ರೂಪಾಯಿ. ಒಟ್ಟು 33.30. ಹಾಳಾಗುವುದಕ್ಕೆ ನೂರಕ್ಕೆ ಐದು ಸೇರಿಸಿದರೆ ಸುಮಾರು 35. ಮಾರಿದ ಬೆಲೆ 140. 35 ಭಾಗ 140, ಅಂದರೆ ಫುಡ್ ಕಾಸ್ಟ್ ಶೇಕಡಾ 25.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತದೆ. ಒಂದು, ಬೆಲೆಯಲ್ಲಿ ಜಿಎಸ್‌ಟಿ ಸೇರಿಸಿ ಭಾಗಿಸುವುದು. ತೆರಿಗೆ ಬಿಟ್ಟ ಬೆಲೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಶೇಕಡಾವಾರು ಸುಳ್ಳೇ ಕಡಿಮೆ ಕಾಣುತ್ತದೆ. ಎರಡು, ಇಡೀ ಕಾಯಿಯ ತೂಕದ ಮೇಲೆ ಲೆಕ್ಕ ಹಾಕುವುದು. ಚಿಪ್ಪು, ನೀರು ಹೋದ ಮೇಲೆ ಕೈಗೆ ಸಿಗುವ ತುರಿ ಎಷ್ಟು ಅನ್ನುವುದೇ ಲೆಕ್ಕ. ಗ್ಯಾಸ್, ಸಂಬಳ, ಬಾಡಿಗೆ ಫುಡ್ ಕಾಸ್ಟ್‌ನಲ್ಲಿ ಬರುವುದಿಲ್ಲ, ಸೇರಿಸಬೇಡಿ.

ಮೊದಲ ತಿಂಗಳು ದಿನಕ್ಕೆ 18 ಪ್ಲೇಟ್, ಮೂರನೆಯ ತಿಂಗಳು 40. ಅದಕ್ಕಾಗಿ ದಿನಕ್ಕೆ ಐದೂ ಹೋಗದಿದ್ದ ಎರಡು ಪದಾರ್ಥಗಳನ್ನು ಕೈಬಿಟ್ಟರು. ಈ ಕೊನೆಯ ಸಾಲು ಬರೆದವರನ್ನು ನಾನು ಎರಡನೆಯ ಸಲ ಓದುತ್ತೇನೆ, ಯಾಕೆಂದರೆ ಸೇರಿಸುವವರು ಸಿಗುತ್ತಾರೆ, ತೆಗೆಯುವ ಧೈರ್ಯ ಮಾಡುವವರು ಕಡಿಮೆ.

ಒಂದು ಮಿತಿ ಇದೆ. ಹಳೆಯ ಹೋಟೆಲ್‌ನ ರೆಸಿಪಿ ಕಾರ್ಡ್‌ನ ಫೋಟೊ, ಅವರ ತಿಂಗಳ ಲಾಭ-ನಷ್ಟ, ಇವನ್ನು ಪ್ರೊಫೈಲ್‌ಗೆ ಹಾಕಬೇಡಿ. ಇಂದು ಅವರ ಗುಟ್ಟು ತಂದವನು ನಾಳೆ ನಮ್ಮದನ್ನೂ ಒಯ್ಯುತ್ತಾನೆ ಅಂತಲೇ ಎಲ್ಲರೂ ಯೋಚಿಸುವುದು. ನಿಮ್ಮ ಒಂದು ಪದಾರ್ಥದ ಲೆಕ್ಕ ಸಾಕು.

## ಹಂತ 6: ಫೋಟೊ

ಆರು ಫೋಟೊ, ಜಾಸ್ತಿ ಎಂದರೆ ಎಂಟು. ಕಿಟಕಿಯ ಬೆಳಕಿನಲ್ಲಿ, ಫೋನ್‌ನಲ್ಲೇ, ನೀವೇ ಮಾಡಿದ್ದು. ಅವುಗಳಲ್ಲಿ ಒಂದರಲ್ಲಿ ಸೆಕ್ಷನ್ ಕಾಣಲಿ, ರಶ್ ಶುರುವಾಗುವ ಮೊದಲು ಎಲ್ಲ ತಯಾರಿ ಮಾಡಿ ಜೋಡಿಸಿಟ್ಟ ಟೇಬಲ್. ನನಗೆ ತಟ್ಟೆಯ ಅಲಂಕಾರಕ್ಕಿಂತ ಆ ಫೋಟೊ ಜಾಸ್ತಿ ಹೇಳುತ್ತದೆ. ನೆಟ್‌ನಿಂದ ಇಳಿಸಿದ ಫೋಟೊ ಹಾಕಿದರೆ ಗೂಗಲ್‌ನಲ್ಲಿ ಹುಡುಕಿ ನಿಮಿಷದಲ್ಲಿ ಹಿಡಿಯುತ್ತಾರೆ. ಫೋಟೊದಲ್ಲಿ ತಲೆಗೆ ಟೋಪಿ ಇಲ್ಲ, ಬೆರಳಲ್ಲಿ ಉಂಗುರ ಇದೆ ಅಂದರೆ ಹಂತ 4ರಲ್ಲಿ ಬರೆದದ್ದೆಲ್ಲ ವ್ಯರ್ಥ.

## ಹಂತ 7: ಮೇಲಿನ ನಾಲ್ಕು ಸಾಲು, ಮತ್ತೆ ಕಳಿಸುವುದು

ಪುಟದ ಮೇಲ್ಭಾಗವನ್ನು ಕೊನೆಗೆ ಬರೆಯಿರಿ. ಕೆಳಗಿನದೆಲ್ಲ ತಯಾರಾದ ಮೇಲೆ ಅದರಿಂದ ಎತ್ತಿಕೊಂಡರೆ ಆಯಿತು. ಗೆಳೆಯನದು ಕೊನೆಗೆ ಹೀಗೆ ಬಂತು:

"ಉಡುಪಿ ಮತ್ತು ಕರಾವಳಿ ಸಸ್ಯಾಹಾರಿ ಅಡುಗೆ, 11 ವರ್ಷ. ಬೇಕಾದ ಹುದ್ದೆ: ಶೆಫ್ ಡಿ ಪಾರ್ಟಿ. 90 ಸೀಟು, ವಾರದ ದಿನ 420, ಭಾನುವಾರ 640 ಕವರ್, ಬೆಳಗಿನ ರಶ್‌ನಲ್ಲಿ ಗಂಟೆಗೆ 70 ದೋಸೆ, 5 ಜನರ ತಂಡ. ಫಾಸ್ಟ್ಯಾಕ್ ಅಡ್ವಾನ್ಸ್ಡ್ ಕ್ಯಾಟರಿಂಗ್, ಈ ವರ್ಷದ್ದು. ಮೆನುವಿಗೆ ತಂದ ನೀರುದೋಸೆ ಪ್ಲೇಟ್, ಫುಡ್ ಕಾಸ್ಟ್ ಶೇಕಡಾ 25. ಈಗ ಮುಂಬೈ, ಗೋವಾಗೆ ಬರಲು ತಯಾರು, 30 ದಿನದ ನೋಟಿಸ್, ಉಳಿಯಲು ಜಾಗ ಬೇಕು."

ಕೊನೆಯ ವಾಕ್ಯ ಮರೆಯಬೇಡಿ. ಗೋವಾದಲ್ಲಿ ಸ್ಟಾಫ್‌ಗೆ ರೂಮ್ ಕೊಡುವುದೇ ದೊಡ್ಡ ತಲೆನೋವು, ಹಾಗಾಗಿ ಮೊದಲೇ ತಿಳಿದರೆ ಇಬ್ಬರಿಗೂ ಒಳ್ಳೆಯದು. ತಂದೆಯ ಹೆಸರು, ಜಾತಿ, ಮದುವೆ, ಆಧಾರ್ ನಂಬರ್ ಬೇಡವೇ ಬೇಡ.

ಎರಡು ಪುಟದ ಪಿಡಿಎಫ್ ಮಾಡಿ, ಫೋಟೊಗಳನ್ನು ಬೇರೆ ಫೈಲ್ ಮಾಡಿ. ಫೈಲ್‌ನ ಹೆಸರು ಹುಡುಕಿದರೆ ಸಿಗುವಂತಿರಲಿ, ನಿಮ್ಮ ಹೆಸರು ಮುಂದೆ ಸೇರಿಸಿ, `CDP` ಅಂದರೆ ಶೆಫ್ ಡಿ ಪಾರ್ಟಿ:

```
SouthIndian_CDP_Mumbai.pdf
```

`new resume final 2.pdf` ಅಂತ ಬಂದದ್ದು ಫೋನ್‌ನಲ್ಲಿ ಇಳಿದ ಮೇಲೆ ಮತ್ತೆ ಸಿಗುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೈಲ್ ಮಾತ್ರ ಎಸೆಯಬೇಡಿ, ಆ ಮೇಲಿನ ನಾಲ್ಕು ಸಾಲನ್ನೇ ಮೆಸೇಜ್ ಆಗಿ ಹಾಕಿ. ನೌಕರಿ ಸೈಟ್‌ಗಳಲ್ಲಿ ಹೆಡ್‌ಲೈನ್ ಕೇಳುವ ಕಡೆಯೂ ಅದರ ಮೊದಲ ಎರಡು ಸಾಲು ಸಾಕು.

ಯಾವಾಗ ಕಳಿಸಬೇಕು? ಗೋವಾದ ಸೀಸನ್ ಅಕ್ಟೋಬರ್‌ನಿಂದ ಏರುತ್ತದೆ. ಅದಕ್ಕೆ ಬೇಕಾದ ಜನರನ್ನು ಮಳೆಗಾಲದಲ್ಲೇ ನೋಡಿಕೊಳ್ಳುತ್ತಾರೆ. ಜುಲೈ-ಆಗಸ್ಟ್‌ನಲ್ಲಿ ಕಳಿಸಿ. ಡಿಸೆಂಬರ್‌ನಲ್ಲಿ ಕಳಿಸಿದರೆ ಅಡುಗೆಮನೆಯಲ್ಲಿ ಯಾರಿಗೂ ಫೋನ್ ತೆಗೆಯಲೂ ಪುರಸೊತ್ತಿಲ್ಲ.

ಗೆಳೆಯನಿಗೆ ಎರಡು ಕಡೆಯಿಂದ ಟ್ರಯಲ್‌ಗೆ ಕರೆ ಬಂತು. ಒಂದು ಕಡೆ ಮೀನು ಬರುವುದಿಲ್ಲ ಅಂತ ಬಿಟ್ಟರು. ಇನ್ನೊಂದು ಕಡೆ ಶೆಫ್ ಪ್ರೊಫೈಲ್ ಕೈಯಲ್ಲಿ ಹಿಡಿದು, "ನೀರುದೋಸೆ ಮಾಡಿ, ಹಾಗೇ ಖರ್ಚಿನ ಲೆಕ್ಕವನ್ನೂ ಇಲ್ಲೇ ಬರೆದು ತೋರಿಸಿ" ಅಂದರು. ಗೋವಾದ ಕಾಯಿಯ ಬೆಲೆ ಅಲ್ಲಿಯ ಸ್ಟೋರ್‌ನಲ್ಲೇ ಕೇಳಿಕೊಂಡು ಹೊಸದಾಗಿ ಲೆಕ್ಕ ಹಾಕಿದ. ಸೆಪ್ಟೆಂಬರ್‌ನಲ್ಲಿ ಸೇರಿದ, ಬೆಳಗಿನ ಬಫೆಯ ದೋಸೆ ಕೌಂಟರ್ ಈಗ ಅವನದೇ. ಸಂಜೆ ಡ್ಯೂಟಿ ಮುಗಿದ ಮೇಲೆ ಮೀನಿನ ಸೆಕ್ಷನ್‌ನಲ್ಲಿ ನಿಂತು ಕಲಿಯುತ್ತಿದ್ದಾನೆ, ಮುಂದಿನ ವರ್ಷ ಅದು ಮೂರನೆಯ ಸಾಲಿನಿಂದ ಎರಡನೆಯದಕ್ಕೆ ಏರುತ್ತದೆ.